ಮೂರು ಗಂಟೆ ಹತ್ತು ನಿಮಿಷದ ನಂತರ

ಮಗಳನ್ನು ಶಾಲೆಯಿಂದ ಮನೆಗೆ ತರುತ್ತಿದ್ದ ಆಟೋದವರು ಒಂದು ಶನಿವಾರ ಬಂದು, ಸೋಮವಾರದಿಂದ ತಾವು ಬರುವುದಿಲ್ಲ ಎಂದರು. ಆಟೋ ಮಾರಿ ಸಾಮಾನು ಸಾಗಿಸುವ ಗಾಡಿ ತಗೊಂಡಿದ್ದರು. ನನ್ನ ಗಂಡ ಆಸ್ಪರಿ ಕಡೆಯ ಒಂದು ಊರಿನಲ್ಲಿ ಮೇಷ್ಟ್ರು. ಅವರು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಸಂಜೆ ಆರು. ಮಗಳು ಒಂದನೇ ಕ್ಲಾಸು, ಬಿಡುವುದು ಮೂರೂವರೆಗೆ. ಇನ್ನೊಂದು ಆಟೋ ಹುಡುಕಿದೆವು. ನಮ್ಮ ಓಣಿಯ ಕಡೆ ಬರುವವರೆಲ್ಲರ ಗಾಡಿ ಆಗಲೇ ತುಂಬಿತ್ತು. ಹೋಗಬೇಕಾದವಳು ನಾನೇ ಎಂದಾಯಿತು.

ನಾನು ಆಂಧ್ರದ ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಲೋಡು ಕಳಿಸುವ ಕಾಗದ ನೋಡುತ್ತೇನೆ. ಹತ್ತಿಯ ಬೇಲುಗಳು ಲಾರಿಗೆ ಏರುತ್ತವೆ, ಕಾಟಾದಲ್ಲಿ ತೂಕ ಆಗುತ್ತದೆ, ಬಿಲ್ಲು ಆಗುತ್ತದೆ. ಆಮೇಲೆ ಸರಕಾರದ ವೆಬ್‌ಸೈಟಿನಲ್ಲಿ ಲಾರಿ ನಂಬರು ಹಾಕಿ ಇ-ವೇ ಬಿಲ್ಲು ತೆಗೆಯಬೇಕು. ಅದಿಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಹೆಚ್ಚಿನ ಲೋಡು ಹೊರಡುವುದೇ ಮಧ್ಯಾಹ್ನ ಮೂರರಿಂದ ಐದರೊಳಗೆ.

ಭಾನುವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನ ವಾಟ್ಸಾಪ್ ಗುಂಪಿಗೆ ಏನು ಬರೆಯಬೇಕು? ಮೊದಲು ಕ್ಷಮೆ ಕೇಳಿ ಬರೆದೆ. ಅಳಿಸಿದೆ. ಆಮೇಲೆ ಮನೆಯ ಕಥೆಯನ್ನೆಲ್ಲ ಬರೆದೆ. ಅದನ್ನೂ ಅಳಿಸಿದೆ. ಗಂಡ ನೋಡಿ, "ಮೊದಲು ಸಾವ್ಕಾರಿಗೆ ಬಾಯಿಲೆ ಹೇಳು. ಗ್ರೂಪಿಗೆ ಆಮ್ಯಾಲೆ ಹಾಕುವಂತಿ," ಎಂದರು.

ಸೋಮವಾರ ಬೆಳಿಗ್ಗೆ ಮಿಲ್ಲಿನ ಮಾಲೀಕರಾದ ಸಾವ್ಕಾರರು ವಿಭೂತಿ ಹಚ್ಚಿಕೊಂಡು ಬಂದು ಕೂತ ಕೂಡಲೇ ಹೋದೆ.

"ಒಂದು ತಾಸು ಮೊದಲು ಬರ್ತೀನ್ರಿ, ಎಂಟೂವರಿಗೆ. ಮೂರೂ ಹತ್ತಕ್ಕ ಹೊಂಡ್ತೀನಿ. ಮಗಳನ್ನ ಮನಿಗೆ ಕರಕೊಂಡು ಹೋಗಿ, ನಾಕೂಮುಕ್ಕಾಲಿಂದ ಆರೂವರಿ ತನ ಮನಿಯಿಂದ ಕೆಲಸ ಮಾಡ್ತೀನಿ."

"ಸೀಜನ್ ಐತಲ್ಲಮ್ಮ," ಎಂದರು. ಮತ್ತೆ, "ಸರೇ, ಮಾಡು. ಫೋನ್ ಮಾತ್ರ ಎತ್ತು," ಎಂದರು.

ಆ ಕೊನೆಯ ಮಾತಿಗೆ ನಾನು ತಲೆಯಾಡಿಸಬಾರದಿತ್ತು. ಆಡಿಸಿದೆ.

ಆಮೇಲೆ ಗುಂಪಿಗೆ ಹಾಕಿದೆ: "ಇವತ್ತಿನಿಂದ ನನ್ನ ಆಫೀಸ್ ಸಮಯ ಬೆಳಿಗ್ಗೆ 8.30ರಿಂದ 3.10. ಮಗಳನ್ನು ಶಾಲೆಯಿಂದ ಕರೆತರಬೇಕು. 4.45ರಿಂದ 6.30 ಫೋನಿನಲ್ಲಿ ಸಿಗುತ್ತೇನೆ. ಅರ್ಜೆಂಟ್ ಇದ್ದರೆ ಕರೆ ಮಾಡಿ." ಡ್ರೈವರುಗಳಿಗೆಂದು ಅದನ್ನೇ ತೆಲುಗಿನಲ್ಲಿ ಹೇಳಿ ಧ್ವನಿ ಕಳಿಸಿದೆ. ನಾಲ್ಕು ಜನ ಹೆಬ್ಬೆರಳಿನ ಚಿತ್ರ ಹಾಕಿದರು. ಪಕ್ಕದ ಟೇಬಲ್ಲಿನ ಗುಮಾಸ್ತರು, ಮಿಲ್ಲಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು, ಕನ್ನಡಕ ಮೇಲೇರಿಸಿ ಓದಿ, "ನಮ್ಮ ಹುಡುಗ್ರು ತಾವಽ ನಡಕೊಂತ ಬರ್ತಿದ್ರಪ್ಪ," ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದರು. ಆ ಮಾತು ಮಧ್ಯಾಹ್ನದವರೆಗೂ ಚುಚ್ಚುತ್ತಲೇ ಇತ್ತು.

ಮೂರೂ ಹತ್ತಕ್ಕೆ ಸ್ಕೂಟಿ ತೆಗೆದೆ. ಮಾರ್ಕೆಟ್ ಯಾರ್ಡಿನ ಹತ್ತಿರ ಹತ್ತಿ ಗಾಡಿಗಳು ರಸ್ತೆ ತುಂಬಿದ್ದವು. ಹೆಗಲ ಚೀಲದಲ್ಲಿ ಫೋನು ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಶಾಲೆಯ ಗೇಟಿಗೆ ಬಂದು ನೋಡಿದರೆ ಹನ್ನೊಂದು ಮಿಸ್ಡ್ ಕಾಲು, ಎಲ್ಲವೂ ಗುಮಾಸ್ತರವು.

"ಎಲ್ಲಿದ್ದಿ ತಾಯಿ? ಲಾರಿ ಗೇಟಿನ್ಯಾಗ ನಿಂತೈತಿ. ಲಾಗಿನ್ ಮಾಡಿದ್ರ ಒಟಿಪಿ ಕೇಳಾಕತ್ತೈತಿ. ನಿನ್ನ ಫೋನಿಗೆ ಬಂದಿರ್ತೈತಿ ನೋಡು."

ಬಂದಿತ್ತು, ಅವಧಿಯೂ ಮುಗಿದಿತ್ತು. ಇ-ವೇ ಬಿಲ್ಲಿಗೆ ನಮ್ಮಲ್ಲಿ ಎರಡೇ ಲಾಗಿನ್. ಸಾವ್ಕಾರರದೊಂದು, ಅದರ ಕೆಳಗೆ ನನ್ನದೊಂದು. ನನ್ನದರ ಪಾಸ್‌ವರ್ಡು ಗುಮಾಸ್ತರಿಗೆ ಕೊಟ್ಟು ಬಂದಿದ್ದೆ, ಆದರೆ ಒಟಿಪಿ ಬರುವುದು ನನ್ನ ಮೊಬೈಲಿಗೆ. ಸಾವ್ಕಾರರು ಎಮ್ಮಿಗನೂರಿಗೆ ಹೋಗಿದ್ದರು, ಫೋನು ಎತ್ತುತ್ತಿರಲಿಲ್ಲ. ಗುಮಾಸ್ತರಿಗೂ ಒಂದು ಲಾಗಿನ್ ಮಾಡಿಸಿ ಎಂದು ಆಡಿಟರು ಹಿಂದೆಯೇ ನನಗೆ ಹೇಳಿದ್ದರು. ಮಾಡಿಸೋಣ ಎನ್ನುತ್ತಲೇ ವರ್ಷ ಕಳೆದಿದ್ದೆ. ನಿಜ ಹೇಳಬೇಕೆಂದರೆ, ನಾನಿಲ್ಲದೆ ಒಂದು ಲಾರಿಯೂ ಹೊರಡುವುದಿಲ್ಲ ಅನ್ನುವುದು ನನಗೆ ಹಿತವಾಗಿತ್ತು.

"ಇನ್ನೊಮ್ಮಿ ಕಳಸ್ರಿ, ಹೇಳ್ತೀನಿ," ಎಂದೆ.

ಬೆಲ್ಲು ಹೊಡೆಯಿತು. ಮಕ್ಕಳ ಕಿರುಚಾಟ, ಆಟೋಗಳ ಹಾರ್ನು. ಗೋಡೆಯ ಕಡೆ ತಿರುಗಿ, ಒಂದು ಕಿವಿ ಮುಚ್ಚಿಕೊಂಡು ಅಂಕಿಗಳನ್ನು ಹೇಳಿದೆ. ಅವರು ಏಳನ್ನು ಒಂದು ಎಂದು ಕೇಳಿಸಿಕೊಂಡರು. ಮತ್ತೊಂದು ಒಟಿಪಿ. ಕೊನೆಗೆ, "ಆತು, ಒಳಗ ಹೋತು," ಎಂದರು. ನಾನು ತಿರುಗಿದೆ. ಗೇಟಿನ ಮುಂದೆ ಏಳೆಂಟು ಮಕ್ಕಳು ಉಳಿದಿದ್ದರು. ಅವರಲ್ಲಿ ನನ್ನ ಮಗಳಿರಲಿಲ್ಲ.

ಆ ಕ್ಷಣದಲ್ಲಿ ನಾನು ಏನೇನು ಯೋಚಿಸಿದೆನೋ ಈಗ ಬರೆಯಲಾರೆ. ರಸ್ತೆಯ ಆ ತುದಿಗೆ ಓಡಿದೆ, ಈ ತುದಿಗೆ ಓಡಿದೆ. ಗೇಟಿನಲ್ಲಿದ್ದ ಆಯಾ ಕೂಗಿದರು: "ಅಮ್ಮಾ, ನಿಮ್ಮ ಹುಡುಗಿ ಒಳಗ ಐತ್ರಿ!"

ಕ್ಲಾಸಿನ ಮೆಟ್ಟಿಲ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ.

"ಯಾಕ ಒಳಗ ಬಂದಿ? ನಾನು ಗೇಟಿನ್ಯಾಗಽ ಇದ್ದೆನಲ್ಲ?"

"ನೋಡಿದೆ. ನೀ ಆಫೀಸಿನ್ಯಾಗ ಇದ್ದಿ," ಎಂದಳು. "ಮುಗೀಲಿ ಅಂತ ಬಂದೆ."

ದಾರಿಯುದ್ದಕ್ಕೂ ಅವಳು ಮಾತಾಡುತ್ತಲೇ ಇದ್ದಳು, ಯಾರೋ ಪೆನ್ಸಿಲು ಕಚ್ಚಿದ್ದು, ಯಾರೋ ಬಿದ್ದದ್ದು. ನನಗೆ ಒಂದೂ ಸರಿಯಾಗಿ ಕೇಳಿಸಲಿಲ್ಲ.

ಮರುದಿನ ಎಂಟೂವರೆಗೇ ಹೋಗಿ ಸಾವ್ಕಾರರಿಗಾಗಿ ಕಾದೆ. ಅವರ ಲಾಗಿನ್ ತೆರೆದು, ಅವರ ಫೋನಿಗೆ ಬಂದ ಒಟಿಪಿ ಹಾಕಿ, ಗುಮಾಸ್ತರ ಹೆಸರಿಗೆ, ಅವರದೇ ಮೊಬೈಲ್ ನಂಬರಿಗೆ ಇನ್ನೊಂದು ಲಾಗಿನ್ ಮಾಡಿದೆ. ಗುಮಾಸ್ತರು ಹಿಂದೆ ಸರಿದರು. "ನನ್ನ ಕೈಲೆ ತಪ್ಪಾದ್ರ?"

"ಲಾರಿ ನಂಬರ್ ತಪ್ಪಾದ್ರ ಬದಲು ಮಾಡಬಹುದ್ರಿ. ಮಿಕ್ಕಿದ್ದು ತಪ್ಪಾದ್ರ ಆ ಬಿಲ್ ರದ್ದು ಮಾಡಿ ಹೊಸಾದು ತಗೀಬೇಕು, ಅದೂ ಒಂದು ದಿನದೊಳಗ. ಕುಂದರ್ರಿ, ತೋರಸ್ತೀನಿ."

ಮೂರು ಲಾರಿಯ ಬಿಲ್ಲು ಅವರ ಕೈಯಿಂದಲೇ ತೆಗೆಸಿದೆ. ಆಮೇಲೆ ಸಾವ್ಕಾರರ ಮುಂದೆ ನಿಂತು, "ಮೂರೂ ಹತ್ತರಿಂದ ನಾಕೂಮುಕ್ಕಾಲು ಫೋನ್ ಎತ್ತಂಗಿಲ್ರಿ," ಎಂದೆ. ಧ್ವನಿ ಗಟ್ಟಿಯಾಗಿ ಬಂತೋ ಇಲ್ಲವೋ ಗೊತ್ತಿಲ್ಲ. ಅವರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು, "ನಾ ಅದೀನಿ ಬಿಡ್ರಿ," ಎಂದರು.

ಗುಂಪಿಗೆ ಎರಡನೇ ಸಂದೇಶ ಹಾಕಿದೆ. ಈ ಸಲ ಅರ್ಜೆಂಟಿನ ಮಾತು ತೆಗೆದೆ: "3.10ರಿಂದ 4.45 ನಾನು ಸಿಗುವುದಿಲ್ಲ. ಆ ಹೊತ್ತಿನ ಲೋಡು, ಲಾರಿ ನಂಬರ್ ಬದಲಾವಣೆ ಗುಮಾಸ್ತರು ನೋಡುತ್ತಾರೆ. 4.45ರಿಂದ 6.30 ಸಿಗುತ್ತೇನೆ."

ಆ ವಾರ ಎರಡು ಕರೆ ಬಂದವು, ಎತ್ತಲಿಲ್ಲ. ಮುಂದಿನ ವಾರ ಒಂದೂ ಬರಲಿಲ್ಲ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಮಗಳಿಗೆ ಮಂಡಕ್ಕಿ ಕಲಸಿ ಕೊಡುತ್ತ ಮತ್ತೆ ಮತ್ತೆ ಫೋನು ನೋಡುತ್ತಿದ್ದೆ. ಒಂದು ದಿನ ತಡೆಯಲಾಗದೆ ನಾಲ್ಕು ಗಂಟೆಗೆ ನಾನೇ ಫೋನು ಮಾಡಿದೆ.

"ಏನಾತಮ್ಮ?" ಗುಮಾಸ್ತರು ಗಾಬರಿಯಾದರು. "ಈಗ ನಿನ್ನ ಟೈಮ್ ಅಲ್ಲಲ್ಲ. ಎರಡು ಲಾರಿ ಹೋದ್ವು. ಇಡು."

ಇಟ್ಟೆ. ಸ್ವಲ್ಪ ಅವಮಾನವೂ ಆಯಿತು.

ಸೀಜನ್ನಿನ ನಡುವೆ ಒಂದು ಬೆಳಿಗ್ಗೆ ಗುಮಾಸ್ತರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ಅವರ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ವ್ಯಾಯಾಮ ಮಾಡಿಸಲು ವಾರಕ್ಕೆ ಎರಡು ದಿನ ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು.

"ನೀ ಬರದ್ಯಲ್ಲ, ಅಂಥಾದ್ದೊಂದು ನನಗೂ ಬರಕೊಡು," ಎಂದರು, ಮೆಲ್ಲಗೆ. "ಯಾವಾಗ ಸಿಗ್ತೀನಿ, ಯಾವಾಗ ಸಿಗಂಗಿಲ್ಲ ಅಂತ."

ಬರೆದುಕೊಟ್ಟೆ. ಅವರು ಕಳಿಸಿದರು. ಆಮೇಲೆ ಅರ್ಧ ತಾಸು ಫೋನನ್ನೇ ನೋಡುತ್ತ ಕೂತಿದ್ದರು. "ಸಾವ್ಕಾರ್ರು ನೋಡ್ಯಾರ, ಏನೂ ಅನ್ನವಲ್ರು," ಎಂದರು. ನಾನು ನನ್ನ ಕುರ್ಚಿಯನ್ನು ಅವರ ಟೇಬಲ್ಲಿನ ಕಡೆ ಎಳೆದುಕೊಂಡು, ಆ ಎರಡು ದಿನ ಬೆಳಿಗ್ಗೆ ಅವರ ಕೆಲಸದಲ್ಲಿ ನಾನು ಏನೇನು ನೋಡಬೇಕು ಎಂದು ಕೇಳತೊಡಗಿದೆ.