ಎಡಗಡೆಯ ನಲವತ್ತು

ಸೊಲ್ಲಾಪುರದ ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಕಲಿಸುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಿಟ್ಟು ಒಬ್ಬ ಹುಡುಗಿಯ ವರ್ಷ ತಿಂದಿತು.

ಅವಳು ಹನ್ನೂರಿನ ಕುರಿ ಸಾಕುವ ಮನೆಯವಳು. ಮರಾಠಿಯಲ್ಲಿ ತಡವರಿಸುತ್ತಿದ್ದಳು, ನನ್ನೊಂದಿಗೆ ಕನ್ನಡದಲ್ಲಿ ಅರಳುತ್ತಿದ್ದಳು. ಎರಡು ವಿಷಯ ಮೊದಲೇ ಬಾಕಿ ಇದ್ದವು. ಈ ಪ್ರಾಕ್ಟಿಕಲ್ಲೂ ಹೋದರೆ ಇಯರ್ ಡೌನ್, ಒಂದು ವರ್ಷವೇ ಹೋದಂತೆ.

ಪರೀಕ್ಷೆಯ ದಿನ ಚೀಟಿಯಲ್ಲಿ ಅವಳಿಗೆ ಬೈನರಿ ಸರ್ಚ್ ಟ್ರೀ, ಅಂದರೆ ಸಂಖ್ಯೆಗಳನ್ನು ಕವಲು ಕವಲಾಗಿ ಜೋಡಿಸುವ ಪ್ರೋಗ್ರಾಂ, ಬಂತು. ಐವತ್ತು, ಮೂವತ್ತು, ಎಪ್ಪತ್ತು, ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು: ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಸೇರಿಸಿದಳು. ಅರವತ್ತನ್ನು ಹುಡುಕಿದಾಗ ಐವತ್ತರಿಂದ ಬಲಕ್ಕೆ, ಎಪ್ಪತ್ತರಿಂದ ಎಡಕ್ಕೆ ಹೋಗಿ ಸಿಕ್ಕಿತು. ಎಡದಿಂದ ಬಲಕ್ಕೆ ಓದುವ ಇನಾರ್ಡರ್ ಏರಿಕೆಯ ಸಾಲಾಗಿ ಬಂತು. ಕೆಳಗೆ ಕವಲಿಲ್ಲದ, ಅಂದರೆ ಮಕ್ಕಳಿಲ್ಲದ, ಇಪ್ಪತ್ತನ್ನು ಸುಮ್ಮನೆ ತೆಗೆದಳು. ಆಮೇಲೆ ಮೂವತ್ತಕ್ಕೆ ಉಳಿದ ಮಗು ನಲವತ್ತು ಮಾತ್ರ. ಮೂವತ್ತನ್ನು ತೆಗೆದು ನಲವತ್ತನ್ನು ನೇರ ಐವತ್ತಕ್ಕೆ ಜೋಡಿಸಿದಳು. ಕೊನೆಗೆ ಎರಡೂ ಕಡೆ ಮಕ್ಕಳಿದ್ದ ಐವತ್ತನ್ನು ಅಳಿಸಿ, ಆ ಜಾಗಕ್ಕೆ ನಲವತ್ತನ್ನು ತಂದಳು.

ನಾನು ಬರೆಸಿದ್ದ ಲ್ಯಾಬ್ ಜರ್ನಲ್‌ನಲ್ಲಿ ಬಲಗಡೆಯ ಅತಿ ಚಿಕ್ಕದು, ಅಂದರೆ ಅರವತ್ತು, ಆ ಜಾಗಕ್ಕೆ ಬರಬೇಕೆಂದಿತ್ತು. ಹೊರಗಿನಿಂದ ಬಂದ ಮರಾಠಿ ಪರೀಕ್ಷಕರು ಪಕ್ಕದ ಸಾಲಿನಲ್ಲಿದ್ದರು. ಅವರಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಗದರಿದೆ.

"ಇದೇನ ಮಾಡೀದಿ? ಬಲಗಡಿಯಿಂದ ತಗೋಬೇಕಂತ ಬರಸೀನಲ್ಲ. ಅಳಸು!"

"ಎಡಗಡಿ ಎಲ್ಲಾಕಿಂತ ದೊಡ್ಡದ ತಗೊಂಡ್ರೂ ನಡೀತೈತ್ರಿ ಮೇಡಂ."

"ನನಗ ಕಲಸಬ್ಯಾಡ."

ಅವಳು ಅಳಿಸಿದಳು. ಗಡಿಬಿಡಿಯಲ್ಲಿ ಅರವತ್ತನ್ನು ಮೇಲಕ್ಕೆ ನಕಲು ಮಾಡಿದಳು, ಹಳೆಯ ಅರವತ್ತನ್ನು ಕೆಳಗಿನಿಂದ ತೆಗೆಯುವುದನ್ನು ಮರೆತಳು. ಪರೀಕ್ಷಕರು ಬಂದು ನಿಂತಾಗ ಪರದೆಯ ಮೇಲೆ ನಲವತ್ತು, ಅರವತ್ತು, ಅರವತ್ತು, ಎಪ್ಪತ್ತು, ಎಂಬತ್ತು ಎಂದಿತ್ತು. ಅವರು ತಪ್ಪೆಂಬಂತೆ ತಲೆಯಾಡಿಸಿ ಮುಂದೆ ಹೋದರು. ಅವಳು ಫೇಲಾದಳು.

ಮುಂದಿನ ಬ್ಯಾಚಿಗೆ ಪಾಠ ತಯಾರಿಸುವಾಗ ಅವಳ ದಾರಿಯನ್ನು ನಾನೇ ಕಾಗದದ ಮೇಲೆ ಬಿಡಿಸಿ ನೋಡಿದೆ. ಎಡದ ಅತಿ ದೊಡ್ಡದನ್ನು ತಂದರೂ ಕ್ರಮ ಕೆಡುವುದಿಲ್ಲ. ಇನಾರ್ಡರ್ ಅದೇ ನಲವತ್ತು, ಅರವತ್ತು, ಎಪ್ಪತ್ತು, ಎಂಬತ್ತು. ಅವಳ ಅಂಕ ತಿದ್ದಿರೆಂದು ಆಫೀಸಿಗೆ ಅರ್ಜಿ ಬರೆದೆ. ರಿಸಲ್ಟ್ ಆಗಿಹೋಗಿದೆ ಎಂದರು.

ಕಾಲೇಜು ಬಿಟ್ಟ ಅವಳು ಅಕ್ಕಲಕೋಟದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಜನರ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆಂದು ಗೊತ್ತಾಗಿ ಬಸ್ ಹತ್ತಿದೆ. ನನ್ನನ್ನು ಕಂಡು ಎದ್ದು ನಿಂತಳು.

"ಅವತ್ತ ನೀ ಮಾಡಿದ್ದ ಖರೇ ಇತ್ತವ್ವಾ. ತಪ್ಪು ನಂದು," ಎಂದೆ.

"ಗೊತ್ತಿತ್ರಿ ಮೇಡಂ. ಮನ್ಯಾಗ ಹತ್ತ ಸಲ ಬಿಡಿಸಿ ನೋಡಿದ್ದೆ."

"ಮತ್ತ ಯಾಕ ಅಳಸಿದಿ?"

"ನೀವು ಅಂದ್ರಿ, ಅದಕ್ಕ."

ಮತ್ತೆ ಸೇರಿಕೋ, ಪಕ್ಕದಲ್ಲೇ ಕೂತು ಕಲಿಸುತ್ತೇನೆ ಎಂದು ಬೇಡಿಕೊಂಡೆ. ಅವಳು ಕೀಬೋರ್ಡನ್ನೇ ನೋಡುತ್ತಿದ್ದಳು.

"ಬ್ಯಾಡ್ರಿ ಮೇಡಂ. ಈಗ ಯಾರರೆ ತಪ್ಪಂದ್ರ, ಖರೇ ಐತೇನಂತ ನಾ ನೋಡೂದೂ ಇಲ್ಲರಿ. ಅಳಸಿಬಿಡ್ತೀನಿ."