ಲಂಡನ್ ಖಾತೆ, ಕೌತಾಳಂ ಲ್ಯಾಪ್‌ಟಾಪ್

ಸುಷ್ಮಾ ಆದೋನಿಯ ಹತ್ತಿ ವ್ಯಾಪಾರಿ ಪಂಚಾಕ್ಷರಯ್ಯನವರ ಮಗಳು. ಕೆಳಗೆ ಅಪ್ಪ ತೆಲುಗಿನಲ್ಲಿ ದರ ಜಗ್ಗುತ್ತಿದ್ದರೆ, ಮೇಲಿನ ಕೋಣೆಯಲ್ಲಿ ಅವಳು ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ. ಮನೆಯಿಂದಲೇ ಮಾಡುವ ಬರವಣಿಗೆ ಕೆಲಸ ಹಂಚುವ ಒಂದು ಆನ್‌ಲೈನ್ ಕಂಪನಿಗೆ ಸುಳ್ಳು ಖಾತೆಗಳನ್ನು ಹಿಡಿದುಕೊಡುವುದು ಅವಳ ನೌಕರಿ.

ಆ ಮಧ್ಯಾಹ್ನ ಬಂದ ಖಾತೆ, ಬ್ರಿಟನ್ನಿನಲ್ಲಿ ಇರುವವರಿಗಷ್ಟೇ ಕೊಡುವ ಕೆಲಸ ಕೇಳಿ, ಮಾದರಿ ಬರಹವೊಂದನ್ನೂ ಕಳಿಸಿತ್ತು. ಇಂಟರ್‌ನೆಟ್ಟಿಗೆ ಎಲ್ಲಿಂದ ಬಂದರೆಂದು ತೋರಿಸುವ ಐಪಿ ವಿಳಾಸವೂ ಲಂಡನ್ನಿನದೇ. ಆದರೆ ಬ್ರೌಸರ್ ಕೇಳಿದ ಭಾಷೆ ಮೊದಲು ಕನ್ನಡ, ಆಮೇಲೆ ತೆಲುಗು. ಕಂಪ್ಯೂಟರಿನ ಸಮಯ ವಲಯ ಭಾರತದ್ದು. ಲಂಡನ್ನಿನಲ್ಲೂ ನಮ್ಮವರಿದ್ದಾರೆ, ಹೊಸದಾಗಿ ಹೋದವರು ಗಡಿಯಾರ ಬದಲಿಸಿರಲಿಕ್ಕಿಲ್ಲ ಎಂದುಕೊಂಡಳು. ಅಷ್ಟಕ್ಕೇ ಕಳ್ಳರೆನ್ನಲು ಬರುವುದಿಲ್ಲ.

ಅದೇ ಖಾತೆಯ ಮುಂದಿನ ವಿವರ ತೆರೆದಳು. ಪರದೆಯ ಅಳತೆ, ಇರುವ ಫಾಂಟುಗಳು, ಗ್ರಾಫಿಕ್ಸ್ ಚಿಪ್ ಚಿತ್ರ ಬಿಡಿಸುವ ರೀತಿ, ಇವೆಲ್ಲ ಸೇರಿದರೆ ಒಂದು ಯಂತ್ರಕ್ಕೆ ಬೆರಳಚ್ಚಿನಂಥ ಗುರುತು ಬರುತ್ತದೆ. ಈ ಗುರುತು ಹಳೆಯದೊಂದು ಖಾತೆಗೆ ತಾಳೆಯಾಯಿತು. ಭಾರತದ್ದೆಂದು ತಿರಸ್ಕರಿಸಿದ ಖಾತೆ ಅದು. ಹೆಸರು ಲಾವಣ್ಯ, ಊರು ಆದೋನಿ ಪಕ್ಕದ ಕೌತಾಳಂ.

ಸುಷ್ಮಾಳ ಕೈ ನಿಂತಿತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ಲಾವಣ್ಯ. ಜ್ವರ ಬಂದು ಕಿವಿ ಹೋದ ಮೇಲೆ ಫೋನಿನ ನೌಕರಿ ಬಿಟ್ಟಿದ್ದಳು. ಟೈಪು ಮಾಡುವ ಕೆಲಸವೆಂದರೆ ಅವಳಿಗೆ ಬದುಕು.

ಕಣ್ಣು ಮುಚ್ಚಿ 'ಸರಿ' ಒತ್ತಿಬಿಡಬಹುದಿತ್ತು. ಒತ್ತಲಾಗಲಿಲ್ಲ. ತಿರಸ್ಕರಿಸಲೂ ಮನಸ್ಸು ಬರಲಿಲ್ಲ. ಮೇಲಧಿಕಾರಿ ಉದಯಕುಮಾರರಿಗೆ ಫೋನು ಮಾಡಿದಳು.

"ಸರ್, ಈ ಖಾತೆ ನನಗ ಗೊತ್ತಿದ್ದವರದು ಅನಸ್ತೈತಿ. ನಾ ತೀರ್ಮಾನ ಮಾಡಬಾರದು, ನೀವು ನೋಡ್ರಿ."

ಸಂಜೆಗೆ ಅವರು ಖಾತೆ ಮುಚ್ಚಿಸಿದರು.

ಭಾನುವಾರ ಸುಷ್ಮಾ ಬಸ್ಸು ಹತ್ತಿ ಕೌತಾಳಂಗೆ ಹೋದಳು. ಲಾವಣ್ಯಳ ತಾಯಿ ಊರಮ್ಮ ಚಹಾ ಕೊಟ್ಟು ಒಳಗೆ ಹೋದರು. ಸುಷ್ಮಾ ಗೆಳತಿಯ ಎದುರಿಗೇ ಕೂತು, ತುಟಿ ಕಾಣುವಂತೆ ನಿಧಾನವಾಗಿ, ಆ ಖಾತೆ ತನ್ನ ಕೈಗೇ ಬಂದಿತ್ತೆಂದು ಹೇಳಿದಳು.

ಲಾವಣ್ಯ ಚಹಾದ ಲೋಟ ಕೆಳಗಿಟ್ಟಳು. "ವಿಪಿಎನ್ ಹಾಕಿದ್ದೆನಲ್ಲ! ಯಾರಿಗೂ ಕಾಣಂಗಿಲ್ಲ ಅಂದಿದ್ರು."

"ಅದು ನೀ ಬರೋ ದಾರಿ ಅಷ್ಟ ಮುಚ್ಚಿ ಲಂಡನ್ನಂತ ತೋರಸ್ತೈತಿ. ನಿನ್ನ ಭಾಷೆ, ನಿನ್ನ ಗಡಿಯಾರ, ನಿನ್ನ ಲ್ಯಾಪ್‌ಟಾಪು ಏನೂ ಬದಲಾಗಂಗಿಲ್ಲ. ಅವು ತಾವಾಗೇ ಹೇಳ್ತಾವು."

"ಹಂಗಾದ್ರ ಅವನ್ನೂ ಹೆಂಗ ಬದಲಿಸಬೇಕು, ಹೇಳು."

ಸುಷ್ಮಾ ತಲೆ ಅಲ್ಲಾಡಿಸಿದಳು. "ಅದೊಂದು ಕೇಳಬ್ಯಾಡ. ಒಂದು ಸರಿ ಮಾಡಿದ್ರ ಇನ್ನೊಂದಕ್ಕ ತಾಳ ತಪ್ಪತೈತಿ. ಅದೂ ಅಲ್ಲದ, ನನ್ನ ಕೈಲೆ ಆಗಂಗಿಲ್ಲ."

"ನಾ ಬರೆದು ಕಳಿಸಿದ್ದು ತಪ್ಪಿತ್ತಾ? ಕೆಲಸ ಕೆಟ್ಟಿತ್ತಾ?"

"ಇಲ್ಲ. ಭಾಳ ಚಂದ ಇತ್ತು."

"ಮತ್ತ ನಾ ಎಲ್ಲಿ ಕುಂತಿದ್ರ ಅವರಿಗೇನು?"

ಭಾರತದವರಿಗೂ ಆ ಕೆಲಸ ತೆರೆಯಿರೆಂದು ಕಂಪನಿಯ ಮೇಲಿನವರಿಗೆ ಬರೆಯುವೆನೆಂದಳು ಸುಷ್ಮಾ. ಲಾವಣ್ಯ ಕಿಟಕಿಯ ಕಡೆ ತಿರುಗಿಬಿಟ್ಟಳು. ಅವಳು ತಿರುಗಿದ ಮೇಲೆ ಯಾರ ಮಾತೂ ಅವಳಿಗೆ ಕೇಳದು.

ಸುಷ್ಮಾ ಕಂಪನಿಗೆ ಬರೆದಳು. ಬರೆದೆನೆಂದು ಲಾವಣ್ಯಳಿಗೂ ಸಂದೇಶ ಕಳಿಸಿದಳು. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಲಾವಣ್ಯಳಿಂದಲೂ.