ಮುದ್ದೆಯ ತೂಕಕ್ಕೆ ಹಿಟ್ಟಿನ ಕ್ಯಾಲೊರಿ

ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಆ ಪ್ರಾಯೋಗಿಕ ಪರೀಕ್ಷೆಯ ದಿನ ನಾನು ದನಿ ಏರಿಸಿದೆನೋ, ಏರಿಸಬೇಕಿತ್ತು ಎಂದು ಆಮೇಲೆ ಅಂದುಕೊಂಡೆನೋ ಹೇಳಲಾರೆ. ಆದರೆ ಲೆಕ್ಕ ನನ್ನ ನೆನಪನ್ನು ನಂಬಿಕೊಂಡಿಲ್ಲ. ಅದನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಮದ್ದೂರಿನ ಕಾಲೇಜೊಂದರಲ್ಲಿ ಗೃಹವಿಜ್ಞಾನದ ಹುಡುಗಿಯರಿಗೆ ಆಹಾರದ ಪಾಠ ಹೇಳುವುದು ನನ್ನ ಕೆಲಸ. ಅವತ್ತಿನ ಪ್ರಶ್ನೆ ಹೀಗಿತ್ತು: ಮಧ್ಯಮ ಶ್ರಮದ ಕೆಲಸ ಮಾಡುವ, ನಾಲ್ಕು ತಿಂಗಳ ಮಗುವಿಗೆ ಹಾಲೂಡಿಸುವ ಹೆಂಗಸಿಗೆ ಒಂದು ದಿನದ ಊಟ ಯೋಜಿಸಿ, ಕ್ಯಾಲೊರಿ ಲೆಕ್ಕ ಹಾಕಿ, ಒಂದು ಹೊತ್ತಿನದ್ದನ್ನು ಮಾಡಿ ಬಡಿಸಿ. ಆಕೆಗೆ ಬೇಕಾದದ್ದು ಎರಡು ಸಾವಿರದ ಏಳುನೂರ ಮೂವತ್ತು ಕ್ಯಾಲೊರಿ. ಒಟ್ಟು ಇಪ್ಪತ್ತು ಅಂಕ: ಅಗತ್ಯ ಗುರುತಿಸಿದ್ದಕ್ಕೆ ನಾಲ್ಕು, ಊಟದ ಯೋಜನೆಗೆ ನಾಲ್ಕು, ಲೆಕ್ಕಕ್ಕೆ ಎಂಟು, ಅಡುಗೆಗೆ ನಾಲ್ಕು. ಕ್ಯಾಲೊರಿ ಮೊತ್ತ ಐವತ್ತಕ್ಕಿಂತ ಹೆಚ್ಚು ಆಚೀಚೆಯಾದರೆ ಯೋಜನೆಗೂ ಲೆಕ್ಕಕ್ಕೂ ಸೊನ್ನೆ. ಪಾಸಾಗಲು ಎಂಟು ಬೇಕು.

ಬೆಸಗರಹಳ್ಳಿ ಕಡೆಯ ಹುಡುಗಿಯೊಬ್ಬಳು ಎರಡು ಮುದ್ದೆ ಇಟ್ಟಿದ್ದಳು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಜೊತೆಗೆ ಅನ್ನ, ಅವರೆಕಾಳಿನ ಸಾರು, ಸೊಪ್ಪು, ಮೊಟ್ಟೆ, ಹಾಲು, ಕಡಲೆಕಾಯಿ, ಬಾಳೆಹಣ್ಣು. ಅವಳ ಮೊತ್ತ ಎರಡು ಸಾವಿರದ ಆರುನೂರ ತೊಂಬತ್ತು. ಸರಿಯಾಗಿತ್ತು. ಪಾಸಾದರೆ ಮೈಸೂರಿನಲ್ಲಿ ಪಥ್ಯಾಹಾರದ ಕೋರ್ಸಿಗೆ ಸೀಟು ಸಿಗುತ್ತಿತ್ತು. ಇಲ್ಲದಿದ್ದರೆ ವರ್ಷವೇ ಹೋಗುತ್ತಿತ್ತು.

ಹೊರಗಿನಿಂದ ಬಂದ ಪರೀಕ್ಷಕಿ ಮಳವಳ್ಳಿಯ ಮೇಡಂ. ಅಚ್ಚಾದ ಉತ್ತರಸೂಚಿ ಒಂದು ಕೈಲಿ, ಕ್ಯಾಲೊರಿ ಕೋಷ್ಟಕ ಇನ್ನೊಂದು ಕೈಲಿ. ಮುದ್ದೆಯನ್ನು ತಕ್ಕಡಿಗಿಟ್ಟರು. ಮುನ್ನೂರು ಗ್ರಾಂ. ಕೋಷ್ಟಕದಲ್ಲಿ ರಾಗಿಗೆ ನೂರು ಗ್ರಾಮಿಗೆ ಮುನ್ನೂರ ಇಪ್ಪತ್ತು.

"ಒಂದು ಮುದ್ದೆಗೆ ಒಂಬೈನೂರ ಅರವತ್ತು. ಎರಡಕ್ಕೆ ಸಾವಿರದ ಒಂಬೈನೂರ ಇಪ್ಪತ್ತು. ನಿನ್ನ ಮೊತ್ತ ಹೆಚ್ಚು ಕಮ್ಮಿ ನಾಲ್ಕು ಸಾವಿರ ಆಯ್ತಲ್ಲಮ್ಮ! ಬಾಣಂತಿಗೆ ಬಡಿಸ್ತಿದ್ದೀಯೋ, ಉಳೋ ಎತ್ತಿಗೋ?"

"ಎತ್ತು ಮುದ್ದೆ ತಿನ್ನಕಿಲ್ಲ ಮೇಡಂ," ಎಂದಳು ಹುಡುಗಿ. "ನಾನು ಆಕಿದ್ದು ನೂರು ಗ್ರಾಂ ಇಟ್ಟು. ಮಿಕ್ಕಿದ್ದೆಲ್ಲ ನೀರು. ನೀರ್ಗೂ ಕ್ಯಾಲೊರಿ ಇದ್ದದಾ?"

"ಎದುರು ಮಾತಾಡ್ಬೇಡ. ಸೂಚಿಯಲ್ಲಿ ಹೀಗೇ ಇದೆ."

ಇತ್ತು. ನಾನೇ ಇಸಿದುಕೊಂಡು ಓದಿದೆ. ಅನ್ನಕ್ಕೆ ಅಕ್ಕಿಯ ತೂಕ ಹಿಡಿದವರು ಮುದ್ದೆಗೆ ಮಾತ್ರ ಬೆಂದ ಮುದ್ದೆಯ ತೂಕವನ್ನೇ ಹಿಡಿದಿದ್ದರು. ನಮ್ಮ ಕಡೆ ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತಾರೆ, ಮುದ್ದೆಯನ್ನು ಎಣಿಸುತ್ತಾರೆ. ಬರೆದವರು ಆ ಎಣಿಕೆಯನ್ನೇ ತಕ್ಕಡಿಗೆ ಹಾಕಿದ್ದರು. ಕೋಷ್ಟಕ ಹೇಳುವುದು ಹಸಿ ಹಿಟ್ಟಿನ ಲೆಕ್ಕ. ಒಂದು ಮುದ್ದೆಗೆ ಮುನ್ನೂರ ಇಪ್ಪತ್ತು, ಅಷ್ಟೇ. ಸೂಚಿಯ ಮಾದರಿ ಊಟದಲ್ಲಿ ಒಂದೇ ಮುದ್ದೆಯಿತ್ತು. ಕಾಗದದ ಮೇಲೆ ಹೊಟ್ಟೆ ತುಂಬಿತ್ತು, ನಿಜಕ್ಕೆ ಆರುನೂರ ನಲವತ್ತು ಕ್ಯಾಲೊರಿ ಕಮ್ಮಿ. ಮಗುವಿನ ಹಾಲಿಗೆಂದು ಸೇರಿಸಿದ ಆರುನೂರರ ಪಾಲೆಲ್ಲ ಆ ಒಂದು ಸಾಲಿನಲ್ಲೇ ಹೋಗಿತ್ತು. ಗದ್ದೆಯಿಂದ ಬಂದ ಬಾಣಂತಿಯನ್ನು ಉಪವಾಸ ಕೆಡವಿ, ಅದಕ್ಕೆ ಸಮತೋಲನ ಆಹಾರವೆಂದು ಹೆಸರಿಟ್ಟಿದ್ದರು. ನನ್ನ ಮೈ ಉರಿಯಿತು.

ಯೋಜನೆಗೂ ಲೆಕ್ಕಕ್ಕೂ ಸೊನ್ನೆ ಹಾಕಿ ಹುಡುಗಿಗೆ ಮೇಡಂ ಕೊಟ್ಟದ್ದು ಏಳು, ಪಾಸಿಗೆ ಒಂದು ಕಮ್ಮಿ. ಅಂಕಪಟ್ಟಿಗೆ ನನ್ನ ಸಹಿಯೂ ಬೇಕಿತ್ತು. ಹಾಕಲಿಲ್ಲ.

"ಸೈನ್ ಹಾಕಿ ಸಾರ್, ನನ್ನ ಬಸ್ಸು ಹೋಗುತ್ತೆ."

"ನಿಮ್ಮ ಮನೇಲಿ ಮುದ್ದೆಗೆ ನೀರು ಹಾಕಲ್ವಾ ಮೇಡಂ?"

"ಹಾಕ್ತೀವಿ. ನನಗೇನು ಗೊತ್ತಿಲ್ವಾ? ಸೂಚಿ ಬಿಟ್ಟು ಮಾರ್ಕ್ಸ್ ಕೊಟ್ಟರೆ ನಾಳೆ ನೋಟಿಸ್ ಬರೋದು ನನಗೆ, ನಿಮಗಲ್ಲ."

ಗೊತ್ತಿದ್ದೂ! ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಸೂಚಿ ಮಾಡಿಸಿದ ಪರೀಕ್ಷಾ ಮಂಡಳಿಯ ಅಧ್ಯಕ್ಷರಿಗೆ ಅಲ್ಲಿಂದಲೇ ಫೋನು ಮಾಡಿದೆ. ಹಿಟ್ಟು, ನೀರು, ಮುದ್ದೆ ಎಲ್ಲ ವಿವರಿಸಿದೆ. ಅವರು ನಿಧಾನವಾಗಿ ಕೇಳಿ, "ಹೌದಲ್ರೀ," ಎಂದರು. ಆಮೇಲೆ, "ಈಗ ಸೂಚಿ ತಿದ್ದಿದರೆ ಎಲ್ಲಾ ಸೆಂಟರಿಗೂ ಹೇಳಬೇಕಾಗುತ್ತೆ. ಒಂದು ಕೆಲಸ ಮಾಡಿ, ಎರಡೂ ಥರ ಬರೆದವರಿಗೆ ಕೊಟ್ಟುಬಿಡಿ. ನಾನು ಹೇಳಿದೆ ಅಂತ ಷರಾ ಹಾಕಿ."

ಮೇಡಂ ಏಳನ್ನು ಹೊಡೆದು ಹತ್ತೊಂಬತ್ತು ಬರೆದರು. ಷರಾ ಬರೆದು ಸಹಿ ಹಾಕಿದೆ. ಹುಡುಗಿಗೆ ಹೇಳಿದಾಗ ಅವಳು ನಗಲಿಲ್ಲ.

"ಒಂದೇ ಮುದ್ದೆ ಅಂತ ಬರ್ದೋರ್ಗೂ ಪೂರ್ತಿ ಮಾರ್ಕ್ಸಾ ಸಾರ್?"

"ಹೂಂ."

"ಅಂಗಾರೆ ಆ ಬಾಣಂತಿ ಕತೆ?"

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ. ನೆನಪಿಡುವಂಥದ್ದೇನೂ ಆಗಿರಲಾರದು. ಅವಳು ಮೈಸೂರಿಗೆ ಹೋದಳು.

ಈ ವರ್ಷವೂ ಸೂಚಿ ಬಂದಿದೆ. ಮತ್ತೆ ಬಾಣಂತಿಯದೇ ಪ್ರಶ್ನೆ. ಮುದ್ದೆ ಒಂದು, ಮುನ್ನೂರು ಗ್ರಾಂ, ಒಂಬೈನೂರ ಅರವತ್ತು. ನನ್ನ ಲೆಕ್ಕವೇ ತಪ್ಪಿರಬಹುದೆಂದು ಮನೆಯಲ್ಲಿ ನೂರು ಗ್ರಾಂ ಹಿಟ್ಟು ತೂಗಿ ಮುದ್ದೆ ತೊಳಸಿದೆ. ತಕ್ಕಡಿ ಮುನ್ನೂರರ ಹತ್ತಿರ ನಿಂತಿತು. ಅಧ್ಯಕ್ಷರಿಗೆ ಫೋನು ಮಾಡಿದರೆ, "ಹೋದ ಸಲದ ಥರಾನೇ ಮಾಡಿಬಿಡಿ," ಎಂದರು. ಈ ಸಲ ನಾನು ದನಿ ಏರಿಸಿದೆ. ಇದಂತೂ ಚೆನ್ನಾಗಿ ನೆನಪಿದೆ.